ರೆಪೋ ಇಳಿದರೂ ಗಿಲ್ಟ್ ಫಂಡ್ ಯಾಕೆ ಇಳಿಯಿತು?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಜಮೀನು ಮುಳುಗಡೆ ಆದಾಗ ಬಂದ ಪರಿಹಾರದ ಹಣದಲ್ಲಿ 5 ಲಕ್ಷ ಎಫ್‌ಡಿಯಲ್ಲಿ ಇತ್ತು. ಬಡ್ಡಿ ಇಳಿಯೋ ಕಾಲ ಬಂತು, ಗಿಲ್ಟ್ ಫಂಡ್‌ಗೆ ಹಾಕ್ರಿ ಅಂತ ಏಜೆಂಟರು ಹೇಳಿದರು. 2025ರ ಜನವರಿ ಶುರುವಿಗೆ ಹಾಕಿದೆ. ಮೇ ಕೊನೆಗೆ 5 ಲಕ್ಷ 30 ಸಾವಿರ ಆಗಿತ್ತು. ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಅರ್ಧ ಪರ್ಸೆಂಟ್ ಬಡ್ಡಿ ಇಳಿಸಿತು. ಆಗಸ್ಟ್ ಕೊನೆಗೆ ನೋಡಿದರೆ 5 ಲಕ್ಷ 20 ಸಾವಿರ. ಬಡ್ಡಿ ಇಳಿದರೆ ಬಾಂಡ್ ಬೆಲೆ ಏರುತ್ತದೆ ಅನ್ನೋದೇ ಸುಳ್ಳೇನ್ರಿ? ಇನ್ನು ಎರಡು ವರ್ಷಕ್ಕೆ ಮನೆ ಕಟ್ಟಿಸಬೇಕು. ಫ್ಯಾಕ್ಟ್‌ಶೀಟ್‌ಗಳ ಪ್ರತಿ ಜೊತೆಗಿಟ್ಟಿದ್ದೇನೆ.
— ಓದುಗರೊಬ್ಬರು, ನವನಗರ, ಬಾಗಲಕೋಟೆ

ಸಂಪಾದಕರ ಉತ್ತರ: ನಮಸ್ಕಾರ. ಗಿಲ್ಟ್ ಫಂಡ್ ಅಂದರೆ ಸರ್ಕಾರದ ಬಾಂಡ್‌ಗಳಲ್ಲಿ ಹಣ ತೊಡಗಿಸುವ ಮ್ಯೂಚುವಲ್ ಫಂಡ್. ಏಜೆಂಟರು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ ಹೇಳಿದ್ದಾರೆ. ಉಳಿದ ಅರ್ಧ ನೀವೇ ಕಳಿಸಿದ ಫ್ಯಾಕ್ಟ್‌ಶೀಟ್‌ಗಳಲ್ಲಿ, ಅಂದರೆ ಫಂಡ್ ಕಂಪನಿ ತಿಂಗಳಿಗೊಮ್ಮೆ ಕೊಡುವ ವಿವರದ ಹಾಳೆಗಳಲ್ಲಿ ಇದೆ. ಅವನ್ನು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಆದರೆ ಮೊದಲು ಬಾಂಡ್ ಬೆಲೆ ಏರುವುದು ಹೇಗೆ ಅನ್ನೋದನ್ನು ನೋಡೋಣ. ಅದು ತಿಳಿಯದೆ ಜೂನ್ ತಿಂಗಳ ಲೆಕ್ಕ ಹತ್ತುವುದಿಲ್ಲ.

ನಿಮ್ಮ ಹತ್ತಿರ ಸರ್ಕಾರದ ಒಂದು ಬಾಂಡ್ ಇದೆ ಅಂತಿಟ್ಟುಕೊಳ್ಳಿ. ಮುಖಬೆಲೆ 100 ರೂಪಾಯಿ. ವರ್ಷಕ್ಕೆ 7 ರೂಪಾಯಿ ಬಡ್ಡಿ. ಹತ್ತು ವರ್ಷ ಆದಮೇಲೆ 100 ರೂಪಾಯಿ ವಾಪಸ್. ಈ 7 ರೂಪಾಯಿ ಯಾವತ್ತೂ ಬದಲಾಗುವುದಿಲ್ಲ, ಬಾಂಡ್ ಬಿಟ್ಟ ದಿನವೇ ಗಟ್ಟಿಯಾಗಿ ಬರೆದದ್ದು. ಈಗ ಮಾರುಕಟ್ಟೆಯಲ್ಲಿ ಬಡ್ಡಿ ಇಳಿಯಿತು. ಹೊಸದಾಗಿ ಬರುವ ಹತ್ತು ವರ್ಷದ ಬಾಂಡ್ 6 ರೂಪಾಯಿ ಮಾತ್ರ ಕೊಡುತ್ತದೆ. ವಿಜಯಪುರದ ಒಬ್ಬರು ನಿಮ್ಮ ಬಾಂಡ್ ಕೇಳಿಕೊಂಡು ಬಂದರೆ ನೀವು 100 ರೂಪಾಯಿಗೆ ಕೊಡುತ್ತೀರಾ? ಕೊಡುವುದಿಲ್ಲ. ನಿಮ್ಮದು ವರ್ಷಕ್ಕೆ ಒಂದು ರೂಪಾಯಿ ಜಾಸ್ತಿ ಕೊಡುತ್ತದೆ, ಅದೂ ಹತ್ತು ವರ್ಷ. ಹಾಗಂತ ಹತ್ತು ರೂಪಾಯಿ ಜಾಸ್ತಿ ಕೇಳಿದರೆ ಅವರು ಒಪ್ಪುವುದಿಲ್ಲ. ಮುಂದೆ ಬರುವ ರೂಪಾಯಿಗೆ ಇವತ್ತಿನ ಬೆಲೆ ಕಡಿಮೆ, ಅಲ್ವಾ? ಹತ್ತೂ ವರ್ಷದ ಆ ಒಂದೊಂದು ರೂಪಾಯಿಯನ್ನು 6 ಪರ್ಸೆಂಟ್ ಲೆಕ್ಕದಲ್ಲಿ ಇವತ್ತಿಗೆ ತಂದು ಕೂಡಿಸಿದರೆ 7 ರೂಪಾಯಿ 36 ಪೈಸೆ ಬರುತ್ತದೆ. ಹಾಗಾಗಿ ವ್ಯವಹಾರ 107.36ಕ್ಕೆ ಕುದುರುತ್ತದೆ.

ಆ ದರಕ್ಕೆ ಕೊಂಡವರಿಗೆ ವರ್ಷಕ್ಕೆ 7 ರೂಪಾಯಿ ಬಂದರೂ ಕೊನೆಗೆ ಸಿಗುವುದು 100 ರೂಪಾಯಿ ಮಾತ್ರ. ಜಾಸ್ತಿ ಕೊಟ್ಟ 7.36 ಹೋಗಿಬಿಡುತ್ತದೆ. ಎಲ್ಲ ಕೂಡಿಸಿ ಕಳೆದರೆ ಅವರ ಗಳಿಕೆ ವರ್ಷಕ್ಕೆ ಸರಿಯಾಗಿ 6 ಪರ್ಸೆಂಟ್. ಇದಕ್ಕೇ ಯೀಲ್ಡ್ ಅನ್ನುವುದು. ಬೆಲೆ ಮೇಲೆ ಹೋದರೆ ಯೀಲ್ಡ್ ಕೆಳಗೆ, ಯೀಲ್ಡ್ ಮೇಲೆ ಹೋದರೆ ಬೆಲೆ ಕೆಳಗೆ. ಹೊಸ ಬಾಂಡ್ 8 ಪರ್ಸೆಂಟ್ ಕೊಡುವ ಕಾಲ ಬಂದರೆ ನಿಮ್ಮ ಇದೇ ಬಾಂಡ್ 93.29ಕ್ಕೆ ಇಳಿಯುತ್ತದೆ.

ನಿಮ್ಮ ಎಫ್‌ಡಿಯಲ್ಲಿ ಈ ಏರಿಳಿತ ಯಾಕೆ ಕಾಣಲಿಲ್ಲ? ಎಫ್‌ಡಿಯನ್ನು ಯಾರಿಗೂ ಮಾರಲು ಬರುವುದಿಲ್ಲ, ಅದಕ್ಕೆ ದಿನದ ದರ ಅಂತ ಇಲ್ಲ. ಫಂಡ್ ಹಾಗಲ್ಲ. ತನ್ನಲ್ಲಿರುವ ಪ್ರತಿ ಬಾಂಡನ್ನೂ ಆ ದಿನದ ಮಾರುಕಟ್ಟೆ ಬೆಲೆಗೆ ಲೆಕ್ಕ ಹಾಕಿ ಎನ್‌ಎವಿ, ಅಂದರೆ ತನ್ನ ಒಂದು ಯೂನಿಟ್‌ನ ಬೆಲೆ, ತೋರಿಸಲೇಬೇಕು.

ಇನ್ನೊಂದು ವಿಷಯ ಗಮನಿಸಿ. ಅದೇ 7 ರೂಪಾಯಿಯ ಬಾಂಡ್ ಮುಗಿಯಲು ಒಂದೇ ವರ್ಷ ಉಳಿದಿದ್ದರೆ ಬಡ್ಡಿ 6ಕ್ಕೆ ಇಳಿದಾಗ ಅದರ ಬೆಲೆ 100.94 ಆಗುತ್ತದೆ, ಅಷ್ಟೇ. ಮೂರು ವರ್ಷ ಇದ್ದರೆ 102.67. ಜಾಸ್ತಿ ಬಡ್ಡಿ ಎಷ್ಟು ವರ್ಷ ಬರುತ್ತದೋ ಅದಕ್ಕೆ ತಕ್ಕಂತೆ ಬೆಲೆ ಏರುತ್ತದೆ. ಇಳಿಯುವಾಗಲೂ ಅದೇ ಲೆಕ್ಕ. ಒಂದು ಫಂಡ್ ಎಷ್ಟು ಕುಣಿಯುತ್ತದೆ ಅಂತ ಹೇಳುವ ಅಂಕಿ ಫ್ಯಾಕ್ಟ್‌ಶೀಟ್‌ನಲ್ಲಿ ಇರುತ್ತದೆ. ಅದರ ಹೆಸರು ಮಾಡಿಫೈಡ್ ಡ್ಯುರೇಶನ್. ನಿಮ್ಮ ಫಂಡ್‌ನಲ್ಲಿ ಅದು 9 ವರ್ಷ. ಅಂದರೆ ಯೀಲ್ಡ್ ಒಂದು ಪರ್ಸೆಂಟ್ ಇಳಿದರೆ ಫಂಡ್ ಸುಮಾರು 9 ಪರ್ಸೆಂಟ್ ಏರುತ್ತದೆ, ಒಂದು ಪರ್ಸೆಂಟ್ ಏರಿದರೆ ಸುಮಾರು ಅಷ್ಟೇ ಇಳಿಯುತ್ತದೆ. ಇದು ಅಂದಾಜು, ಆದರೆ ಸಣ್ಣ ಬದಲಾವಣೆಗೆ ಚೆನ್ನಾಗಿಯೇ ಹೊಂದುತ್ತದೆ.

ಈಗ ನಿಮ್ಮ ಹಣಕ್ಕೆ ಬರೋಣ. ಫ್ಯಾಕ್ಟ್‌ಶೀಟ್‌ನಲ್ಲಿ ಡ್ಯುರೇಶನ್ ಪಕ್ಕದಲ್ಲೇ ವೈಟಿಎಂ ಅಂತ ಇನ್ನೊಂದು ಅಂಕಿ ಇದೆ. ಫಂಡ್‌ನ ಎಲ್ಲ ಬಾಂಡ್‌ಗಳ ಸರಾಸರಿ ಯೀಲ್ಡ್ ಅದು. ನೀವು ಹಣ ಹಾಕುವಾಗ ಅದು 7.00 ಇತ್ತು. ಮೇ ಕೊನೆಗೆ 6.65. ಅಂದರೆ 0.35 ಇಳಿಯಿತು. ಅದನ್ನು 9ರಿಂದ ಗುಣಿಸಿದರೆ 3.15 ಪರ್ಸೆಂಟ್. ನಿಮ್ಮ 5 ಲಕ್ಷಕ್ಕೆ ಸುಮಾರು 15,750 ರೂಪಾಯಿ. ಜೊತೆಗೆ ಐದು ತಿಂಗಳ ಬಡ್ಡಿ 14,500ರ ಆಸುಪಾಸು. ಎರಡೂ ಸೇರಿ 30 ಸಾವಿರ. ನೀವು ಬರೆದ ಲೆಕ್ಕವೇ ಬಂತು ನೋಡಿ.

ಆಗಸ್ಟ್ ಕೊನೆಯ ಫ್ಯಾಕ್ಟ್‌ಶೀಟ್‌ನಲ್ಲಿ ವೈಟಿಎಂ 7.05. ಮೇ ತಿಂಗಳಿಗಿಂತ 0.40 ಜಾಸ್ತಿ. ಒಂಬತ್ತರಿಂದ ಗುಣಿಸಿದರೆ 3.6 ಪರ್ಸೆಂಟ್ ಇಳಿಕೆ. 5 ಲಕ್ಷ 30 ಸಾವಿರಕ್ಕೆ ಅದು 19 ಸಾವಿರ. ಮೂರು ತಿಂಗಳ ಬಡ್ಡಿ ಸುಮಾರು 8,700 ಬಂದು ಅಷ್ಟಿಷ್ಟು ತುಂಬಿತು. ಉಳಿದ ನಷ್ಟ 10 ಸಾವಿರ. ಇಲ್ಲಿ ಯಾರೂ ನಿಮ್ಮ ಹಣ ತಿಂದಿಲ್ಲ. ಫಂಡ್‌ನಲ್ಲಿರುವ ಸರ್ಕಾರದ ಬಾಂಡ್‌ಗಳಿಗೆ ಬಡ್ಡಿಯೂ ಸರಿಯಾಗಿ ಬರುತ್ತಿದೆ.

ಹಾಗಾದರೆ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಿದಾಗ ಯೀಲ್ಡ್ ಯಾಕೆ ಏರಿತು? ರಿಸರ್ವ್ ಬ್ಯಾಂಕ್ ಇಳಿಸುವುದು ರೆಪೋ ದರವನ್ನು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಕೆಲವೇ ದಿನಗಳ ಮಟ್ಟಿಗೆ ತರುವ ಸಾಲದ ದರ ಅದು. ಹತ್ತು ವರ್ಷ, ಮೂವತ್ತು ವರ್ಷದ ಬಾಂಡ್‌ನ ಯೀಲ್ಡನ್ನು ಯಾರೂ ಕೂತು ನಿಗದಿ ಮಾಡುವುದಿಲ್ಲ. ಬ್ಯಾಂಕು, ವಿಮಾ ಕಂಪನಿ, ಪಿಂಚಣಿ ನಿಧಿಗಳು ದಿನವೂ ಕೊಂಡು ಮಾರುವಾಗ ಅದು ಹುಟ್ಟುತ್ತದೆ. ಅವರು ನೋಡುವುದು ಮುಂದಿನ ವರ್ಷಗಳನ್ನು: ಬಡ್ಡಿ ಎತ್ತ ಹೋಗುತ್ತದೆ, ಹಣದುಬ್ಬರ ಏನಾಗುತ್ತದೆ, ಸರ್ಕಾರ ಎಷ್ಟು ಸಾಲ ಎತ್ತುತ್ತದೆ.

2025ರ ಫೆಬ್ರುವರಿಯಲ್ಲಿ ರೆಪೋ 6.50ರಿಂದ 6.25ಕ್ಕೆ ಬಂತು, ಏಪ್ರಿಲ್‌ನಲ್ಲಿ 6ಕ್ಕೆ. ಇನ್ನೂ ಇಳಿಯುತ್ತದೆ ಅಂತ ಎಲ್ಲರಿಗೂ ಅನ್ನಿಸಿತ್ತು. ಹಾಗಾಗಿ ಜೂನ್ ಬರುವ ಮೊದಲೇ ದೊಡ್ಡವರು ಬಾಂಡ್ ಕೊಂಡು ಬೆಲೆ ಏರಿಸಿದ್ದರು. ನಿಮ್ಮ 15 ಸಾವಿರದ ಲಾಭ ಬಂದದ್ದು ಆಗಲೇ. ಜೂನ್ 6ರಂದು ರಿಸರ್ವ್ ಬ್ಯಾಂಕ್ ಒಂದೇ ಸಲಕ್ಕೆ ಅರ್ಧ ಪರ್ಸೆಂಟ್ ಇಳಿಸಿ 5.50ಕ್ಕೆ ತಂದಿತು. ಆದರೆ ಅದೇ ದಿನ ತನ್ನ ಧೋರಣೆಯನ್ನು ಬಡ್ಡಿ ಇಳಿಕೆಯ ಕಡೆಯಿಂದ ತಟಸ್ಥಕ್ಕೆ ಬದಲಿಸಿತು. ಬೆಳವಣಿಗೆಗೆ ಇನ್ನು ನೆರವಾಗಲು ಹೆಚ್ಚು ಜಾಗ ಉಳಿದಿಲ್ಲ ಅನ್ನುವ ಮಾತನ್ನೂ ಗವರ್ನರ್ ಹೇಳಿದರು. ಮಾರುಕಟ್ಟೆಗೆ ಕೇಳಿಸಿದ್ದು ಆ ಮಾತು. ಮುಂದಿನ ಇಳಿಕೆಗೆ ಅಂತ ಮುಂಚೆಯೇ ಕೊಂಡಿಟ್ಟವರು ಮಾರಲು ಶುರು ಮಾಡಿದರು. ಆಗಸ್ಟ್‌ನಲ್ಲಿ ಜಿಎಸ್‌ಟಿ ಕಡಿತದ ಸುದ್ದಿ ಬಂದಾಗ ಸರ್ಕಾರದ ಆದಾಯ ಕಡಿಮೆಯಾಗಿ ಸಾಲ ಹೆಚ್ಚಾದೀತು ಅನ್ನುವ ಚಿಂತೆಯೂ ಸೇರಿಕೊಂಡಿತು. ಹತ್ತು ವರ್ಷದ ಸರ್ಕಾರಿ ಬಾಂಡ್‌ನ ಯೀಲ್ಡ್ ಆಗಸ್ಟ್ ಕೊನೆಗೆ 6.5 ದಾಟಿತ್ತು. ಅದಕ್ಕಿಂತ ಉದ್ದದ ಬಾಂಡ್‌ಗಳಿಗೆ ಪೆಟ್ಟು ಜಾಸ್ತಿ ಬಿತ್ತು.

“ಬಡ್ಡಿ ಇಳಿದರೆ ಬಾಂಡ್ ಬೆಲೆ ಏರುತ್ತದೆ” ಅನ್ನುವಾಗ ಆ ಬಡ್ಡಿ ಯಾವುದು ಅಂತ ಕೇಳಬೇಕು. ನಿಮ್ಮ ಫಂಡ್‌ನಲ್ಲಿ ಇರುವ ಬಾಂಡ್‌ಗಳ ಯೀಲ್ಡ್ ಅದು. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುವ ರೆಪೋ ಅಲ್ಲ.

ಏಜೆಂಟರು ಬಿಟ್ಟ ಇನ್ನೊಂದು ಮಾತಿದೆ. ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಯೀಲ್ಡ್ ಇಳಿದು ಬಂದ ಲಾಭ ಮುಂದಿನ ವರ್ಷಗಳ ಗಳಿಕೆಯನ್ನು ಈಗಲೇ ಕೈಗೆ ಕೊಟ್ಟಂತೆ. 107.36 ಆದ ಬಾಂಡ್ ಮುಗಿಯುವ ಹೊತ್ತಿಗೆ 100ಕ್ಕೇ ಬರಬೇಕು. ಮೇ ಕೊನೆಯಲ್ಲಿ ಐದೇ ತಿಂಗಳಿಗೆ 6 ಪರ್ಸೆಂಟ್ ಲಾಭ ಕಂಡಾಗ ಇದೇ ಓಟ ಮುಂದೂ ಇರುತ್ತದೆ ಅಂತ ಹಣ ಹಾಕಲು ಮನಸ್ಸಾಗುವುದು ಸಹಜ. ಆದರೆ ಆ ದಿನ ಹಾಕಿದವರಿಗೆ ಫಂಡ್ ಕೊಡಬಲ್ಲದ್ದು 6.65ರ ಗಳಿಕೆ, ಅದರಲ್ಲೂ ಫಂಡ್‌ನ ಖರ್ಚು ಕಳೆಯಬೇಕು. ಹಿಂದಿನ ವರ್ಷದ ರಿಟರ್ನ್ಸ್ ನೋಡಿ ಡೆಟ್ ಫಂಡ್, ಅಂದರೆ ಬಾಂಡ್‌ಗಳಲ್ಲಿ ಹಣ ಹಾಕುವ ಇಂಥ ಫಂಡ್, ಆರಿಸುವುದು ತಪ್ಪು ದಾರಿ. ನೋಡಬೇಕಾದದ್ದು ಇವತ್ತಿನ ವೈಟಿಎಂ.

ನಿಮ್ಮ ವಿಷಯದಲ್ಲೂ ಇದೇ ಆಯಿತು. ಜನವರಿಯಲ್ಲಿ 7.00 ಇದ್ದ ವೈಟಿಎಂ ಸುತ್ತಿ ಬಂದು 7.05ಕ್ಕೆ ನಿಂತಿದೆ. ಬೆಲೆಯಿಂದ ಬಂದ ಲಾಭ ಬಂದ ಹಾಗೆಯೇ ಹೋಯಿತು. ಈಗ ಉಳಿದಿರುವ 20 ಸಾವಿರ ಎಂಟು ತಿಂಗಳ ಬಡ್ಡಿಯೇ. ಅದು ಕಡಿಮೆಯೇನಲ್ಲ.

ಈಗ ಮನೆಯ ಹಣ. ನಿಮಗೆ ಅದು ಬೇಕಿರುವುದು ಎರಡು ವರ್ಷದಲ್ಲಿ. ಫಂಡ್‌ನ ಡ್ಯುರೇಶನ್ 9 ವರ್ಷ. ತೊಂದರೆ ಇರುವುದು ಇಲ್ಲಿ. ಯೀಲ್ಡ್ ಇನ್ನೊಂದು ಪರ್ಸೆಂಟ್ ಏರಿದರೆ ಸುಮಾರು 47 ಸಾವಿರ ಹೋಗುತ್ತದೆ. ಆಮೇಲೆ ಬಡ್ಡಿ ಜಾಸ್ತಿ ಬರುತ್ತದೆ ನಿಜ, ಆದರೆ ಆ ನಷ್ಟ ತುಂಬಲು ಎರಡು ವರ್ಷ ಸಾಲುವುದಿಲ್ಲ. ಒಂಬತ್ತು ಹತ್ತು ವರ್ಷ ಮುಟ್ಟದೆ ಇಡುವ ಹಣ ಆಗಿದ್ದರೆ ಸುಮ್ನೆ ಬಿಟ್ಟುಬಿಡಿ ಅನ್ನುತ್ತಿದ್ದೆ. ಮನೆಯ ಹಣಕ್ಕೆ ಹಾಗನ್ನಲಾರೆ. ಯೀಲ್ಡ್ ಇಳಿದು ಇನ್ನಷ್ಟು ಲಾಭವೂ ಆಗಬಹುದು. ಆದರೆ ಗಾರೆಯವರಿಗೆ, ಸಿಮೆಂಟಿಗೆ ಕೊಡಬೇಕಾದ ಹಣವನ್ನು ಆ ಆಸೆಗೆ ಕಟ್ಟಬೇಡಿ.

ಡ್ಯುರೇಶನ್ ಎರಡು ವರ್ಷದ ಒಳಗಿರುವ, ಒಳ್ಳೆಯ ಗುಣಮಟ್ಟದ ಬಾಂಡ್ ಇಡುವ ಫಂಡ್‌ಗೆ ಹೋಗಬಹುದು. ಇಲ್ಲವೇ ನೀವು ಬಿಟ್ಟು ಬಂದ ಎಫ್‌ಡಿಗೇ ಮರಳಬಹುದು. ಫಂಡ್ ಆರಿಸುವಾಗ ಪ್ರತಿ ಡೆಟ್ ಫಂಡ್‌ನ ಕಾಗದದ ಮೇಲೆ ಇರುವ ಒಂಬತ್ತು ಮನೆಯ ಚೌಕ ನೋಡಿ. ಅದರಲ್ಲಿ ಒಂದು ಅಕ್ಷರ, ಒಂದು ರೋಮನ್ ಅಂಕಿ ಇರುತ್ತದೆ. A ಅಂದರೆ ಸಾಲ ಮುಳುಗುವ ಭಯ ಕಡಿಮೆ, C ಅಂದರೆ ಜಾಸ್ತಿ. I ಅಂದರೆ ಬಡ್ಡಿಯ ಏರಿಳಿತ ಕಡಿಮೆ ತಟ್ಟುತ್ತದೆ, III ಅಂದರೆ ಎಷ್ಟು ಬೇಕಾದರೂ ತಟ್ಟಬಹುದು. ನಿಮ್ಮ ಫಂಡ್ A-III. ಸರ್ಕಾರದ ಬಾಂಡ್ ಸುರಕ್ಷಿತ ಅಂತ ನಿಮಗೆ ಹೇಳಿದ್ದು ಆ A ನೋಡಿ. ಪಕ್ಕದ III ಬಗ್ಗೆ ಯಾರೂ ಹೇಳಲಿಲ್ಲ. ನಿಮಗೆ ಬೇಕಾದದ್ದು A-I ಅಥವಾ A-II.

ತೆರಿಗೆಯ ಮಾತೂ ಇದೆ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಇಂಥ ಫಂಡ್‌ನ ಲಾಭ, ಎಷ್ಟು ದಿನ ಇಟ್ಟರೂ, ನಿಮ್ಮ ಆ ವರ್ಷದ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆಗೆ ಬರುತ್ತದೆ. ಅದೇ ಕಂಪನಿಯ ಇನ್ನೊಂದು ಫಂಡ್‌ಗೆ ಸ್ವಿಚ್ ಮಾಡಿದರೂ ಅದು ಮಾರಿದ ಲೆಕ್ಕವೇ. ನಿಮ್ಮ ಲಾಭ ಈಗ 20 ಸಾವಿರ ಮಾತ್ರ ಇರುವುದರಿಂದ ಈ ಬದಲಾವಣೆಗೆ ತೆರಿಗೆ ದೊಡ್ಡ ಅಡ್ಡಿ ಆಗಲಾರದು. ಫಾರ್ಮ್ ತುಂಬುವ ಮೊದಲು ಎಕ್ಸಿಟ್ ಲೋಡ್, ಅಂದರೆ ಹಣ ತೆಗೆಯುವಾಗ ಹಿಡಿಯುವ ಶುಲ್ಕ, ಇದೆಯಾ ಅಂತ ಅದೇ ಫ್ಯಾಕ್ಟ್‌ಶೀಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.