ಬೆಲೆ ಅಲುಗಾಡದ ದಿನ ಎಂಎಫ್‌ಐ ಏಕೆ ಹಾರಿತು?

ಪ್ರಶ್ನೆ: ನನ್ನ ಷೇರಿನ ಚಾರ್ಟ್‌ನಲ್ಲಿ ನಿನ್ನೆ 44ರಲ್ಲಿದ್ದ ಮನಿ ಫ್ಲೋ ಇಂಡೆಕ್ಸ್, ಅಂದರೆ ಎಂಎಫ್‌ಐ, ಇವತ್ತು 64ಕ್ಕೆ ಬಂದಿದೆ. ಬೆಲೆ ಏರಿದ್ದು ಕೂದಲೆಳೆಯಷ್ಟು, ವಾಲ್ಯೂಮ್ ಮಾಮೂಲಿ. ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್, ಅಂದರೆ ಆರ್‌ಎಸ್‌ಐ, ಇದ್ದಲ್ಲೇ ಇದೆ. ಎಂಎಫ್‌ಐ ಅಂದರೆ ವಾಲ್ಯೂಮ್ ಬೆರೆಸಿದ ಆರ್‌ಎಸ್‌ಐ ತಾನೇ? ದೊಡ್ಡವರ ಖರೀದಿ ಶುರುವಾಗಿದೆ ಎಂದುಕೊಳ್ಳಲೇ?

ಉತ್ತರ: ಅವಸರ ಬೇಡ. ಮೊದಲು ಚಾರ್ಟ್‌ನಲ್ಲಿ ಇವತ್ತಿನ ಕ್ಯಾಂಡಲನ್ನು ಒಂದು ಎಂದುಕೊಂಡು ಹಿಂದಕ್ಕೆ ಹದಿನೈದನೆಯದರವರೆಗೆ ಎಣಿಸಿ. ಅಲ್ಲಿ ಭಾರೀ ವಾಲ್ಯೂಮಿನ ಇಳಿಕೆಯ ದಿನವೊಂದು ಕಂಡರೆ, ಈ ಜಿಗಿತದ ಬಹುಪಾಲು ಅದರದ್ದೇ.

ಎರಡೂ ಸೂಚಕಗಳು 0ಯಿಂದ 100ರ ನಡುವೆ ಓಡುತ್ತವೆ, ಎರಡಕ್ಕೂ ರೂಢಿಯ ಅವಧಿ 14. ನೆಂಟಸ್ತಿಕೆ ಇಷ್ಟಕ್ಕೇ ನಿಲ್ಲುತ್ತದೆ. ಆರ್‌ಎಸ್‌ಐ ನೋಡುವುದು ಮುಕ್ತಾಯದ ಬೆಲೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು. ಎಂಎಫ್‌ಐಗೆ ಆ 'ಎಷ್ಟು' ಬೇಕಿಲ್ಲ. ಅದು ದಿನದ ಗರಿಷ್ಠ, ಕನಿಷ್ಠ, ಮುಕ್ತಾಯ ಬೆಲೆಗಳ ಸರಾಸರಿ ತೆಗೆದು ವಾಲ್ಯೂಮಿನಿಂದ ಗುಣಿಸುತ್ತದೆ. ಆ ಸರಾಸರಿ ಹಿಂದಿನ ದಿನದ್ದಕ್ಕಿಂತ ಒಂದಿಷ್ಟು ಮೇಲಿದ್ದರೂ ಸಾಕು, ದಿನದ ಇಡೀ ಮೊತ್ತ ಧನ ಖಾತೆಗೆ. ಕೆಳಗಿದ್ದರೆ ಋಣ ಖಾತೆಗೆ. ಸಮವಾಗಿದ್ದರೆ ಆ ದಿನ ಲೆಕ್ಕಕ್ಕಿಲ್ಲ.

```
MFI = 100 × ಧನ / (ಧನ + ಋಣ)
```

ಒಂದು ಉದಾಹರಣೆ ನೋಡೋಣ. ಸರಾಸರಿ ಬೆಲೆ ಸುಮಾರು 100, ಮಾಮೂಲಿ ವಾಲ್ಯೂಮ್ 1,000. ಅಲ್ಲಿಗೆ ದಿನಕ್ಕೆ ಮೊತ್ತ 1 ಲಕ್ಷ. ನಿನ್ನೆಯವರೆಗಿನ 14 ದಿನಗಳಲ್ಲಿ 8 ಏರಿಕೆಯವು, ಅಂದರೆ ಧನ 8 ಲಕ್ಷ. ಉಳಿದ 6 ಇಳಿಕೆಯವು. ಅವುಗಳಲ್ಲಿ ಒಂದು ಇಡೀ 14ರಲ್ಲೇ ಅತ್ಯಂತ ಹಳೆಯ ದಿನ, ಅದರ ವಾಲ್ಯೂಮ್ 5,000. ಹಾಗಾಗಿ ಋಣ 5 + 5 = 10 ಲಕ್ಷ. ಎಂಎಫ್‌ಐ 8/18, ಅಂದರೆ 44.4.

ಇವತ್ತು ಸರಾಸರಿ 0.1 ಏರಿತು, ಧನ 9 ಲಕ್ಷವಾಯಿತು. ಅದೇ ಹೊತ್ತಿಗೆ ಆ ಹಳೆಯ ದಿನ ಲೆಕ್ಕದಿಂದ ಹೊರಬಿದ್ದು ಋಣ 5 ಲಕ್ಷಕ್ಕೆ ಇಳಿಯಿತು. 9/14, ಅಂದರೆ 64.3. ಹೊರಬಿದ್ದದ್ದು 1 ಲಕ್ಷದ ಸಾಮಾನ್ಯ ಇಳಿಕೆಯ ದಿನವಾಗಿದ್ದರೆ 9/18, ಬರೀ 50 ಬರುತ್ತಿತ್ತು.

ಆರ್‌ಎಸ್‌ಐನಲ್ಲಿ ಹೀಗಾಗುವುದಿಲ್ಲ. ಅದನ್ನು ರೂಪಿಸಿದ ವೈಲ್ಡರ್ 1978ರಲ್ಲಿ ಕೊಟ್ಟ ವಿಧಾನದಲ್ಲಿ ಹಿಂದಿನ ಸರಾಸರಿಯ 14ರಲ್ಲಿ 13 ಪಾಲು ಉಳಿಸಿಕೊಂಡು ಹೊಸದನ್ನು ಸೇರಿಸುತ್ತಾರೆ. ಹಳೆಯ ದಿನದ ಪ್ರಭಾವ ದಿನೇ ದಿನೇ ಕರಗುತ್ತದೆಯೇ ಹೊರತು ಒಮ್ಮೆಗೇ ಮಾಯವಾಗದು. ಜೊತೆಗೆ 0.1ರ ಏರಿಕೆ ಅದಕ್ಕೆ 0.1 ಮಾತ್ರ.

ಪರೀಕ್ಷಿಸಲು ಅದೇ ಚಾರ್ಟ್‌ಗೆ 20 ಅವಧಿಯ ಇನ್ನೊಂದು ಎಂಎಫ್‌ಐ ಹಾಕಿ. ಆ ಭಾರೀ ದಿನ ಅದರಲ್ಲಿ ಇನ್ನೂ ಉಳಿದಿರುತ್ತದೆ. ಎರಡೂ ಗೆರೆಗಳು ಇವತ್ತೇ ಜೋರಾಗಿ ಏರಿದ್ದರೆ, ಇವತ್ತಿನ ವಾಲ್ಯೂಮಿಗೆ ಬೆಲೆ ಕೊಡಬಹುದು. 14ರದ್ದು ಮಾತ್ರ ಹಾರಿದ್ದರೆ ಅದು ಹಳೆಯ ಮಾರಾಟ ಲೆಕ್ಕದಿಂದ ಜಾರಿದ ಗುರುತು. ಬೆಲೆ ಒಂದು ಕಡೆ, ಸೂಚಕ ಇನ್ನೊಂದು ಕಡೆ ಹೋಗುತ್ತಿದೆ ಎಂದು ಆ ಜಿಗಿತದ ಮೇಲೆ ಡೈವರ್ಜೆನ್ಸ್ ಗೆರೆ ಎಳೆಯಲು ಹೋಗಬೇಡಿ.