ಐದನೇ ಕರೆ

ಪ್ರಶ್ನೆ: ಪುಣೆಯಲ್ಲಿದ್ದೇವೆ, ವರ್ಷಕ್ಕೆ ಎರಡು ಸಲ ಕಾರಲ್ಲಿ ಬೆಳಗಾವಿಗೆ ಹೋಗ್ತೇವೆ. ರೋಡ್‌ಸೈಡ್ ಅಸಿಸ್ಟೆನ್ಸ್‌ನಲ್ಲಿ 50 ಕಿ.ಮೀ. ಟೋಯಿಂಗ್ ಸಾಕೋ, ಹೆಚ್ಚು ದುಡ್ಡು ಕೊಟ್ಟು 100 ಕಿ.ಮೀ.ದು ತಗೊಳ್ಳೋದೋ?

ಕಿಲೋಮೀಟರ್ ಬಿಡಿ, ಕರೆ ಎಷ್ಟು ಅಂತ ನೋಡಿ. ನಂದು 50 ಕಿ.ಮೀ., ವರ್ಷಕ್ಕೆ ನಾಲ್ಕು ಕರೆ. ನಾಲ್ಕು ಯಾಕೆ ಬೇಕಾಗುತ್ತೆ ಅಂದುಕೊಂಡಿದ್ದೆ.

2022ರ ಮಳೆಗಾಲದಲ್ಲಿ ಕೋಥರೂಡ್‌ನ ನಮ್ಮ ಪಾರ್ಕಿಂಗ್‌ನಲ್ಲೇ ಕಾರು ಸ್ಟಾರ್ಟ್ ಆಗಲಿಲ್ಲ. ಫೋನ್ ಮಾಡಿದೆ, ಹುಡುಗ ಬಂದು ಜಂಪ್ ಸ್ಟಾರ್ಟ್ ಮಾಡಿ ಹೋದ. ಪುಕ್ಕಟೆ ಅಂತ ಖುಷಿ. ಎರಡು ವಾರಕ್ಕೆ ಮತ್ತೆ ಅದೇ ಕಥೆ. ಮೂರನೇ ಸಲ ಅವನು ಬರೋದರೊಳಗೆ ಪಕ್ಕದ ಮನೆಯವರ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಂಡು, 'ಬರಬೇಡಪ್ಪಾ' ಅಂದೆ. ಹೊರಟಾಗಿತ್ತಲ್ಲ, ಅದೂ ಲೆಕ್ಕಕ್ಕೆ ಬಿತ್ತು. ನಾಲ್ಕನೆಯದು ಪಂಚರ್. ಸ್ಟೆಪ್ನಿ ಬದಲಾಯಿಸೋಕೆ ನನಗೇ ಬರುತ್ತೆ, ಮಳೆ ಅಂತ ಸೋಮಾರಿತನ.

ನನ್ನ ತಪ್ಪು ಬ್ಯಾಟರಿ. ಅದಕ್ಕಾಗಲೇ ನಾಲ್ಕು ವರ್ಷ. ಜಂಪ್ ಸ್ಟಾರ್ಟ್‌ನಿಂದ ಎಂಜಿನ್ ಓಡುತ್ತೆ ಅಷ್ಟೇ, ಸತ್ತ ಬ್ಯಾಟರಿ ಬದುಕಲ್ಲ. ಆಫೀಸಿಗೆ ನಾಲ್ಕು ಕಿಲೋಮೀಟರ್ ಓಡಿಸಿದರೆ ಚಾರ್ಜೂ ತುಂಬಲ್ಲ. ಬೆಳಗ್ಗೆ ಸೆಲ್ಫ್ ಹೊಡೆದಾಗ ಎಳೆದೆಳೆದು ತಿರುಗ್ತಿತ್ತು, ಕೇಳಿಸಿಕೊಂಡೂ ಸುಮ್ಮನಿದ್ದೆ. ರಾತ್ರಿ ನಿಂತ ಕಾರಲ್ಲಿ ಮಲ್ಟಿಮೀಟರ್ ಇಟ್ಟರೆ 12.6 ವೋಲ್ಟ್ ಹತ್ತಿರ ಇರಬೇಕು. 12ರ ಆಸುಪಾಸು ತೋರಿಸ್ತಿದ್ದರೆ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ. ಹೊಸದಕ್ಕೆ ಐದು ಸಾವಿರ ಹೋಗುತ್ತಲ್ಲ ಅಂತ ನಾನು ಮುಂದೂಡಿದೆ.

ದೀಪಾವಳಿಗೆ ಊರಿಗೆ ಹೊರಟೆವು. ಖಂಬಾಟ್ಕಿ ಘಾಟಿನ ಏರಲ್ಲಿ ಟ್ರಾಫಿಕ್. ಹಾಫ್ ಕ್ಲಚ್‌ನಲ್ಲೇ ಒಂದು ಗಂಟೆ ತೆವಳಿದೆವು. ಸುಟ್ಟ ವಾಸನೆ ಬಂತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿರುಚುತ್ತೆ, ಕಾರು ಮುಂದಕ್ಕೆ ಹೋಗಲ್ಲ. ಫೋನ್ ಮಾಡಿದರೆ ಆ ಕಡೆಯ ಹುಡುಗಿ, 'ಸರ್, ನಿಮ್ಮ ನಾಲ್ಕೂ ಕರೆ ಮುಗಿದಿವೆ' ಅಂದಳು. ಸಾತಾರಾ ಅಲ್ಲಿಂದ ಸುಮಾರು 40 ಕಿ.ಮೀ.; ನನ್ನ 50ರೊಳಗೇ ಇತ್ತು! ಖಾಸಗಿ ಕ್ರೇನಿನವನು ಹಬ್ಬದ ರೇಟು ಅಂತ 6,500 ತಗೊಂಡ. ಹಿಂದಿನ ಸೀಟಲ್ಲಿ ಅಮ್ಮ ಚಕ್ಕುಲಿ ಡಬ್ಬಿ ಹಿಡಿದು ಕೂತಿದ್ದರು.

ಕರೆ ಉಳಿದಿದ್ದರೂ ಎಳೆದೊಯ್ಯೋದು ಮಾತ್ರ ಅವರ ಲೆಕ್ಕ. ಕ್ಲಚ್ ಪ್ಲೇಟು, ಕೂಲಿ ನಮ್ಮದೇ. ಅದೂ 'ಹತ್ತಿರದ ಅಧಿಕೃತ ವರ್ಕ್‌ಶಾಪ್‌'ಗೆ ಅಂತ ನನ್ನ ಪತ್ರದಲ್ಲಿತ್ತು. ನಿಮ್ಮದರಲ್ಲೂ ಹಾಗೇ ಇದ್ದರೆ, 100 ಕಿ.ಮೀ. ತಗೊಂಡರೂ ಆ ಘಾಟಿನಿಂದ ಪುಣೆಯ ನಿಮ್ಮ ಗ್ಯಾರೇಜಿಗೆ ತರಲ್ಲ, ಸಾತಾರಾಕ್ಕೇ ಒಯ್ಯೋದು. ಹೆದ್ದಾರಿಯಲ್ಲಿ ಊರಿಗೊಂದು ವರ್ಕ್‌ಶಾಪ್ ಇರೋ ನಿಮ್ಮ ದಾರಿಗೆ 50 ಧಾರಾಳ ಸಾಕು. ಹೊರಟ ಮೇಲೆ ರದ್ದು ಮಾಡಿದ ಕರೆಯನ್ನೂ ಎಣಿಸ್ತಾರಾ ಅಂತ ಮಾತ್ರ ಇ-ಮೇಲ್‌ನಲ್ಲಿ ಕೇಳಿಕೊಳ್ಳಿ. ಫೋನಿನಲ್ಲಿ ಎಲ್ಲದಕ್ಕೂ 'ಇಲ್ಲ ಸರ್' ಅಂತಾರೆ.