ತಲೆಸ್ನಾನ ಮಾಡಿಸಿದ್ದಕ್ಕೇ ನೆಗಡಿ ಬಂತಾ?

"ಭಾನುವಾರ ಬೆಳಿಗ್ಗೆ ಮಗಳಿಗೆ ತಲೆಸ್ನಾನ ಮಾಡಿಸಿದೆ, ಕೂದಲು ಸರಿಯಾಗಿ ಒಣಗಿರಲಿಲ್ಲ. ಮಧ್ಯಾಹ್ನ ಮೊಸರನ್ನ ತಿಂದಳು. ಸಂಜೆಗೇ ನೆಗಡಿ. ಯಾವುದರಿಂದ ಬಂತು?"

ಎರಡರಿಂದಲೂ ಅಲ್ಲ ಮೇಡಂ. ನೆಗಡಿ ತರುವುದು ವೈರಸ್, ಹೆಚ್ಚಾಗಿ ರೈನೋವೈರಸ್. ಅದು ಮೂಗಿಗೆ ಸೇರಿದ ಮೇಲೆ ನೆಗಡಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 1ರಿಂದ 3 ದಿನ ಬೇಕು. ಹಿಂದಕ್ಕೆ ಎಣಿಸಿ ನೋಡಿ: ಗುರುವಾರವೋ ಶುಕ್ರವಾರವೋ ಶನಿವಾರವೋ ಆಯಿತು, ಅಲ್ವಾ? ಆ ದಿನಗಳಲ್ಲಿ ಶಾಲೆಯಲ್ಲೋ ಆಟದಲ್ಲೋ ನೆಗಡಿಯಾದ ಮಗುವಿನಿಂದ ಅಂಟಿರುವ ಸಾಧ್ಯತೆಯೇ ಜಾಸ್ತಿ. ನೀವು ನೀರು ಕಾಯಿಸುವ ಹೊತ್ತಿಗೇ ವೈರಸ್ ಒಳಗಿತ್ತು.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಯ ಸಂಶೋಧನೆಗೆಂದೇ ಒಂದು ಕೇಂದ್ರ ಶುರುವಾಯಿತು. ಅಲ್ಲಿ ಸ್ವಯಂಸೇವಕರನ್ನು ಸ್ನಾನದ ನಂತರ ಒದ್ದೆ ಮೈಯಲ್ಲೇ ಗಾಳಿ ಬೀಸುವ ಕಾರಿಡಾರಿನಲ್ಲಿ ನಿಲ್ಲಿಸಿದರು. ಪಾಪ, ಚಳಿಗೆ ನಡುಗಿದರು. ಆದರೆ ಬರೀ ಚಳಿಯಿಂದ ಯಾರಿಗೂ ನೆಗಡಿ ಬರಲಿಲ್ಲ.

ಹಾಗಂತ ಚಳಿಗೆ ಪಾತ್ರವೇ ಇಲ್ಲ ಅಂತಲ್ಲ. ಮೂಗಿನೊಳಗೆ ತಂಪಿದ್ದರೆ ರೈನೋವೈರಸ್ ಚೆನ್ನಾಗಿ ಬೆಳೆಯುತ್ತದೆ. ಆದರೆ ವೈರಸ್ಸೇ ಇಲ್ಲದಿದ್ದರೆ ಬೆಳೆಯುವುದು ಏನು?

ಮೊಸರು ಧಾರಾಳವಾಗಿ ಕೊಡಿ. ಗಂಟಲು ಕೆರೆಯುತ್ತಿದ್ದರೆ ಹುಳಿ ತಿಂದಾಗ ಸ್ವಲ್ಪ ಉರಿಯಬಹುದು, ಆಗ ಬೇಡ. ಉಸಿರಾಟ ಜೋರಾದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಜ್ವರ ಮೂರು ದಿನ ದಾಟಿದರೂ ಅಷ್ಟೇ.